ಕೆಲಸ, ಸಾಮರ್ಥ್ಯ, ಶಕ್ತಿ ಪರಿವರ್ತನೆ: ಬೀಳುವ ತೆಂಗಿನಕಾಯಿಯಿಂದ ಬೋರ್‌ವೆಲ್ ಮೋಟಾರಿನವರೆಗೆ (ಪ್ರಥಮ ಪಿಯುಸಿ, ಬಿಡಿಸಿದ ಲೆಕ್ಕಗಳು)

ಲೆಕ್ಕ 1 ಮತ್ತು 3ರಲ್ಲಿ g = 10 ಮೀ/ಸೆ² ಎಂದೂ ಲೆಕ್ಕ 2ರಲ್ಲಿ 9.8 ಎಂದೂ ತೆಗೆದುಕೊಂಡಿದೆ. ಪರೀಕ್ಷೆಯಲ್ಲಿ ಪ್ರಶ್ನೆ ಕೊಟ್ಟ ಬೆಲೆಯನ್ನೇ ಬಳಸಿ. ಏನೂ ಕೊಟ್ಟಿಲ್ಲದಿದ್ದರೆ 9.8 ತೆಗೆದುಕೊಂಡು, ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಲೆಕ್ಕ 1. ತಿಪಟೂರಿನ ತೋಟವೊಂದರಲ್ಲಿ 12.8 ಮೀ ಎತ್ತರದ ಗೊನೆಯಿಂದ 1.5 ಕೆಜಿ ತೂಗುವ ಕಾಯಿ ಕಳಚಿ ಬೀಳುತ್ತದೆ. (ಅ) ನೆಲ ಮುಟ್ಟುವಾಗ ವೇಗ ಎಷ್ಟು? (ಆ) ಅರ್ಧ ಎತ್ತರದಲ್ಲಿ ಎಷ್ಟು? (ಇ) ಸಡಿಲ ಮಣ್ಣಿನಲ್ಲಿ 8 ಸೆಂ.ಮೀ ಹೂತು ನಿಂತರೆ ಮಣ್ಣು ಒಡ್ಡಿದ ಸರಾಸರಿ ಬಲ ಎಷ್ಟು?

(ಅ) ಮೇಲೆ ಇದ್ದದ್ದೆಲ್ಲ ಪ್ರಚ್ಛನ್ನ ಶಕ್ತಿ: mgh = 1.5 × 10 × 12.8 = 192 ಜೂಲ್. ನೆಲದ ಹತ್ತಿರ ಅಷ್ಟೂ ಚಲನಶಕ್ತಿ.
½ × 1.5 × v² = 192, v² = 256, v = 16 ಮೀ/ಸೆ.
ಎರಡೂ ಕಡೆ m ಇರುವುದರಿಂದ ಅದು ಹಾರಿಹೋಗುತ್ತದೆ. ಎಳನೀರಾದರೂ ಒಣಕಾಯಾದರೂ ವೇಗ ಇಷ್ಟೇ, ಬದಲಾಗುವುದು ಶಕ್ತಿ ಮಾತ್ರ.

(ಆ) ಇಲ್ಲಿ ಹೆಚ್ಚಿನವರು 8 ಮೀ/ಸೆ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅರ್ಧ ಎತ್ತರದಲ್ಲಿ ಅರ್ಧವಾಗುವುದು ಶಕ್ತಿ, ವೇಗವಲ್ಲ. 6.4 ಮೀಟರಿನಲ್ಲಿ ಪ್ರಚ್ಛನ್ನ ಶಕ್ತಿ 96 ಜೂಲ್, ಚಲನಶಕ್ತಿ 96 ಜೂಲ್. v² = 2 × 96 / 1.5 = 128, v ≈ 11.3 ಮೀ/ಸೆ. ಹಾಗಾದರೆ 8 ಮೀ/ಸೆ ಎಲ್ಲಿ ಸಿಗುತ್ತದೆ? v² = 2gs ಪ್ರಕಾರ 64 = 20s, s = 3.2 ಮೀ. ಅಂದರೆ ಕಾಲು ಭಾಗ ಬೀಳುವಷ್ಟರಲ್ಲೇ ಕಾಯಿಗೆ ಅರ್ಧ ವೇಗ ಬಂದಿರುತ್ತದೆ.

(ಇ) ಹೂಳುವಾಗಲೂ ಗುರುತ್ವ ಕೆಲಸ ಮಾಡುತ್ತಲೇ ಇರುತ್ತದೆ, ಆದ್ದರಿಂದ ಒಟ್ಟು ಇಳಿತ 12.8 + 0.08 = 12.88 ಮೀ.
F × 0.08 = 15 × 12.88 = 193.2 ಜೂಲ್, F = 2415 ನ್ಯೂಟನ್.
ಅದೇ ಕಾಯಿ ಬಂಡೆಗೆ ಬಡಿದು 5 ಮಿ.ಮೀ ಒಳಗೇ ನಿಂತರೆ 15 × 12.805 / 0.005 ≈ 38,400 ನ್ಯೂಟನ್. ಶಕ್ತಿ ಬಹುತೇಕ ಅಷ್ಟೇ, ನಿಲ್ಲಲು ಸಿಕ್ಕ ದೂರ ಕಡಿಮೆ. ಮಣ್ಣಿನಲ್ಲಿ ಉಳಿಯುವ ಕಾಯಿ ಬಂಡೆಯ ಮೇಲೆ ಸೀಳುವುದು ಇದಕ್ಕೇ.

ಗಾಳಿಯನ್ನು ನಾವು ಬಿಟ್ಟಿದ್ದೇವೆ. ದಾರಿಯುದ್ದಕ್ಕೂ ಸರಾಸರಿ 1.2 ನ್ಯೂಟನ್ ತಡೆ ಇದೆ ಎಂದುಕೊಂಡರೆ 1.2 × 12.8 ≈ 15.4 ಜೂಲ್ ಶಾಖವಾಗಿ ಹೋಗಿ, ಉಳಿದ 176.6 ಜೂಲ್‌ನಿಂದ ವೇಗ 15.3 ಮೀ/ಸೆ ಬರುತ್ತದೆ. ಬಿಟ್ಟಿದ್ದರಿಂದ ದೊಡ್ಡ ನಷ್ಟವಿಲ್ಲ.

ಲೆಕ್ಕ 2. ಕೋಲಾರ ತಾಲೂಕಿನ ಒಂದು ಬೋರ್‌ವೆಲ್‌ನ ಆಳ 366 ಮೀ (1200 ಅಡಿ). ಪಂಪು ಇಳಿಸಿರುವುದು 285 ಮೀಟರಿಗೆ. ಮೋಟಾರ್ ಓಡುತ್ತಿರುವಾಗ ನೀರಿನ ಮಟ್ಟ ನೆಲದಿಂದ 240 ಮೀ ಕೆಳಗೆ. ಟ್ಯಾಂಕಿನ ಬಾಯಿ ನೆಲದಿಂದ 6 ಮೀ ಮೇಲೆ. ಪೈಪಿನ ಘರ್ಷಣೆ 14 ಮೀ ಎತ್ತರಕ್ಕೆ ಸಮ. 200 ಲೀಟರ್ ಡ್ರಮ್ಮು ತುಂಬಲು 100 ಸೆಕೆಂಡು. ಪಂಪಿನ ದಕ್ಷತೆ 50%, ಮೋಟಾರಿನದು 80%. ಎಷ್ಟು ಎಚ್‌ಪಿ ಮೋಟಾರ್ ಬೇಕು? ದಿನಕ್ಕೆ 4 ಗಂಟೆ ಓಡಿದರೆ ಎಷ್ಟು ಯೂನಿಟ್?

ಮೊದಲು ಎತ್ತರ. 366 ಅನ್ನು ಮುಟ್ಟಬೇಡಿ, 285 ಅನ್ನೂ ಮುಟ್ಟಬೇಡಿ. ಪಂಪಿನ ಮೇಲೆ ನಿಂತಿರುವ ನೀರು ತನ್ನ ಒತ್ತಡದಿಂದಲೇ 240ರ ಮಟ್ಟದವರೆಗೆ ಪೈಪಿನೊಳಗೂ ಏರುತ್ತದೆ, ಅಷ್ಟಕ್ಕೆ ಮೋಟಾರ್ ಕೆಲಸ ಮಾಡಬೇಕಿಲ್ಲ. ಬೆಳಿಗ್ಗೆ ಮೋಟಾರ್ ಹಾಕುವ ಮುಂಚಿನ ಮಟ್ಟವೂ ಬೇಡ, ಓಡುವಾಗಿನ ಮಟ್ಟವೇ ಬೇಕು.
ಒಟ್ಟು ಎತ್ತರ = 240 + 6 + 14 = 260 ಮೀ.

ಹರಿವು = 200 / 100 = ಸೆಕೆಂಡಿಗೆ 2 ಲೀಟರ್ = 2 ಕೆಜಿ.
ನೀರಿಗೆ ಸಿಗಬೇಕಾದ ಸಾಮರ್ಥ್ಯ = 2 × 9.8 × 260 = 5096 ವ್ಯಾಟ್.

ಪೈಪಿನಿಂದ ಚಿಮ್ಮುವ ನೀರಿಗೆ ಚಲನಶಕ್ತಿಯೂ ಇದೆಯಲ್ಲ ಎಂದು ಕೇಳಬಹುದು. 50 ಮಿ.ಮೀ ಪೈಪಿನಲ್ಲಿ ವೇಗ ಸುಮಾರು 1 ಮೀ/ಸೆ, ಆದ್ದರಿಂದ ಪ್ರತಿ ಕೆಜಿಗೆ ಅರ್ಧ ಜೂಲ್. ಎತ್ತಲು ಬೇಕಾದದ್ದು ಪ್ರತಿ ಕೆಜಿಗೆ 2548 ಜೂಲ್. ಬಿಟ್ಟುಬಿಡಿ.

ಪಂಪಿನ ಶಾಫ್ಟಿಗೆ ಬೇಕಾದದ್ದು = 5096 / 0.5 = 10,192 ವ್ಯಾಟ್ = 10,192 / 746 ≈ 13.7 ಎಚ್‌ಪಿ. ಅಂಗಡಿಯಲ್ಲಿ ಸಿಗುವುದು 12.5 ಅಥವಾ 15, ಆದ್ದರಿಂದ 15 ಎಚ್‌ಪಿ. 12.5 ಹಾಕಿದರೆ ಓವರ್‌ಲೋಡ್ ಆಗಿ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತದೆ, ಟ್ರಿಪ್ ಆಗದಂತೆ ರಿಲೇ ತಿರುಗಿಸಿಟ್ಟರೆ ವೈಂಡಿಂಗ್ ಸುಡುತ್ತದೆ.

ಲೈನಿನಿಂದ ಎಳೆಯುವುದು = 10,192 / 0.8 = 12,740 ವ್ಯಾಟ್ = 12.74 ಕಿಲೋವ್ಯಾಟ್.
4 ಗಂಟೆಗೆ 12.74 × 4 ≈ 51 ಯೂನಿಟ್. ಸಿಗುವ ನೀರು 2 × 14,400 = 28,800 ಲೀಟರ್. ಅಂದರೆ ಸಾವಿರ ಲೀಟರಿಗೆ ಸುಮಾರು 1.77 ಯೂನಿಟ್.

ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ದಕ್ಷತೆಯಿಂದ ಭಾಗಿಸುವ ಬದಲು ಗುಣಿಸುವುದು. ನೀರಿನ ಕಡೆಯಿಂದ ಲೈನಿನ ಕಡೆಗೆ ಹೋಗುತ್ತಿದ್ದರೆ ಸಂಖ್ಯೆ ದೊಡ್ಡದಾಗಲೇಬೇಕು. ಚಿಕ್ಕದಾದರೆ ಉತ್ತರ ತಪ್ಪೆಂದು ಅಲ್ಲೇ ಗೊತ್ತಾಗಬೇಕು. ಇನ್ನೊಂದು, ಮೋಟಾರಿನ ತಗಡಿನ ಮೇಲಿರುವ ಎಚ್‌ಪಿಯನ್ನೇ 746ರಿಂದ ಗುಣಿಸಿ ಕರೆಂಟು ಖರ್ಚು ಎಂದು ಬರೆಯುವುದು. ಆ ಎಚ್‌ಪಿ ಶಾಫ್ಟಿನಲ್ಲಿ ಸಿಗುವ ಗರಿಷ್ಠ ಹೊರೆ, ಎಳೆಯುವ ವಿದ್ಯುತ್ ಅಲ್ಲ.

ಬೇಸಿಗೆಯಲ್ಲಿ ಮಟ್ಟ 270 ಮೀಟರಿಗೆ ಇಳಿದರೆ? ನೀರಿಗೆ ಅದೇ 5096 ವ್ಯಾಟ್ ಸಿಗುತ್ತದೆ ಎಂದುಕೊಂಡರೆ ಎತ್ತರ 290 ಮೀ, ಹರಿವು 5096 / (9.8 × 290) ≈ ಸೆಕೆಂಡಿಗೆ 1.79 ಲೀಟರ್. ಡ್ರಮ್ಮಿಗೆ ಸುಮಾರು 112 ಸೆಕೆಂಡು. ಹೊಲದಲ್ಲಿ ಲೆಕ್ಕ ಇಷ್ಟು ನೇರ ಇರುವುದಿಲ್ಲ, ಎತ್ತರ ಬದಲಾದರೆ ಪಂಪಿನ ದಕ್ಷತೆಯೂ ಬದಲಾಗುತ್ತದೆ. ಮಟ್ಟ 285 ದಾಟಿತೆಂದರೆ ಪಂಪು ನೀರಿಲ್ಲದೆ ಓಡುತ್ತದೆ, ಅಲ್ಲಿಗೆ ಸೂತ್ರವೂ ಮುಗಿಯಿತು ಮೋಟಾರೂ ಮುಗಿಯಿತು.

ಲೆಕ್ಕ 3. 1902ರಲ್ಲಿ ಶಿವನಸಮುದ್ರದಲ್ಲಿ ಬೀಳುವ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಬಂತು. ಒಂದು ಕಡೆ ಬೀಳುವ ವಸ್ತು, ಇನ್ನೊಂದು ಕಡೆ ಎತ್ತುವ ಮೋಟಾರು. ಲೆಕ್ಕಕ್ಕಾಗಿ ಸಂಖ್ಯೆಗಳನ್ನು ಹೀಗೆ ಇಟ್ಟುಕೊಳ್ಳಿ: 600 ಮೀ ಆಳದಿಂದ ಒಂದು ತೊಟ್ಟಿಯಲ್ಲಿ 4000 ಕೆಜಿ ಅದಿರು ಸೆಕೆಂಡಿಗೆ 10 ಮೀ ವೇಗದಲ್ಲಿ ಮೇಲೆ ಬರುತ್ತದೆ. ಅದೇ ಹೊತ್ತಿಗೆ ಅದೇ ಮೋಟಾರಿನ ಇನ್ನೊಂದು ಕಡೆಯ ಹಗ್ಗದಲ್ಲಿ ಅಷ್ಟೇ ತೂಕದ ಖಾಲಿ ತೊಟ್ಟಿ ಇಳಿಯುತ್ತದೆ. ಹಗ್ಗ ಪ್ರತಿ ಮೀಟರಿಗೆ 5 ಕೆಜಿ. ಮೋಟಾರಿಗೆ ಎಷ್ಟು ಸಾಮರ್ಥ್ಯ ಬೇಕು? ಅದಕ್ಕೆ ಸೆಕೆಂಡಿಗೆ ಎಷ್ಟು ನೀರು ಬೀಳಬೇಕು?

ತೊಟ್ಟಿಗಳ ತೂಕ ಒಂದಕ್ಕೊಂದು ಸರಿದೂಗುತ್ತದೆ. ಅದಿರಿಗೆ ಮಾತ್ರ P = Fv = 40,000 × 10 = 400 ಕಿಲೋವ್ಯಾಟ್.
ಆದರೆ ಹಗ್ಗ? ಹೊರಡುವಾಗ ಅದಿರಿನ ಕಡೆ 600 ಮೀ, ಅಂದರೆ 3000 ಕೆಜಿ ಹಗ್ಗ ನೇತಾಡುತ್ತಿದೆ: 70,000 × 10 = 700 ಕಿಲೋವ್ಯಾಟ್. ಮೇಲೆ ಮುಟ್ಟುವಾಗ ಆ ಹಗ್ಗವೆಲ್ಲ ಖಾಲಿ ತೊಟ್ಟಿಯ ಕಡೆ: 10,000 × 10 = 100 ಕಿಲೋವ್ಯಾಟ್. ಸರಾಸರಿ 400ಕ್ಕೇ ಬರುತ್ತದೆ, ಹಗ್ಗಕ್ಕೆ ಮಾಡಿದ ಒಟ್ಟು ಕೆಲಸ ಸೊನ್ನೆ. ಆದರೂ 400ರ ಮೋಟಾರ್ ಇಟ್ಟರೆ ತಳದಿಂದಲೇ ಏಳುವುದಿಲ್ಲ.

ಒಂದು ಸಲಕ್ಕೆ ಶಕ್ತಿ = 40,000 × 600 = 2.4 × 10⁷ ಜೂಲ್ ≈ 6.67 ಯೂನಿಟ್, ಸಮಯ 60 ಸೆಕೆಂಡು.
ನೀರು 120 ಮೀ ಬೀಳುತ್ತದೆ, ದಾರಿಯ ನಷ್ಟವೆಲ್ಲ ಸೇರಿ 60% ಮುಟ್ಟುತ್ತದೆ ಎಂದುಕೊಂಡರೆ, ಸರಾಸರಿ 400 ಕಿಲೋವ್ಯಾಟ್‌ಗೆ ಬೇಕಾದ ನೀರು = 4,00,000 / (0.6 × 10 × 120) ≈ ಸೆಕೆಂಡಿಗೆ 556 ಕೆಜಿ.

ನೀವೇ ಮಾಡಿ (g = 10)

1. ಕೋಲಾರದ ಎಪಿಎಂಸಿಯಲ್ಲಿ ಹಮಾಲಿಯೊಬ್ಬರು 15 ಕೆಜಿಯ 300 ಟೊಮೆಟೊ ಕ್ರೇಟ್‌ಗಳನ್ನು 1.2 ಮೀ ಎತ್ತರದ ಲಾರಿಗೆ 30 ನಿಮಿಷದಲ್ಲಿ ಏರಿಸಿದರು. ಕೆಲಸ, ಸರಾಸರಿ ಸಾಮರ್ಥ್ಯ ಎಷ್ಟು?
2. ಅವರು ಒಂದು ಕ್ರೇಟನ್ನು ಹೊತ್ತು ಸಮತಟ್ಟಾದ ನೆಲದಲ್ಲಿ 40 ಮೀ ಸಮವೇಗದಲ್ಲಿ ನಡೆದರೆ ಗುರುತ್ವದ ವಿರುದ್ಧ ಎಷ್ಟು ಕೆಲಸ?
3. ಲೆಕ್ಕ 1ರ ಕಾಯಿ ಬೀಳಲು ಎಷ್ಟು ಸಮಯ? ಗುರುತ್ವದ ಸರಾಸರಿ ಸಾಮರ್ಥ್ಯ, ಕೊನೆಯ ಕ್ಷಣದ ಸಾಮರ್ಥ್ಯ ಎಷ್ಟು?

ಉತ್ತರ: (1) 54,000 ಜೂಲ್, 30 ವ್ಯಾಟ್. (2) ಸೊನ್ನೆ, ಬಲ ಮೇಲಕ್ಕೆ, ಸ್ಥಾನಪಲ್ಲಟ ಅಡ್ಡಕ್ಕೆ. ದಣಿವು ಸ್ನಾಯುಗಳದ್ದು, ಈ ಸೂತ್ರದಲ್ಲಿ ಅದು ಬರುವುದಿಲ್ಲ. (3) 1.6 ಸೆಕೆಂಡು, 192 / 1.6 = 120 ವ್ಯಾಟ್; 15 × 16 = 240 ವ್ಯಾಟ್.