ಏರಿದ್ದು ಇಳಿಯಲೇಬೇಕೆ? ಬೆಳವಣಿಗೆ, ಅಸಮಾನತೆ ಮತ್ತು ಕುಜ್ನೆಟ್ಸ್ ವಕ್ರರೇಖೆ

ಹಾವೇರಿ ತಾಲ್ಲೂಕಿನ ಒಂದು ಊರಿನಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಮನೆಯೊಂದಿದೆ. ಅಪ್ಪ ತೀರಿಕೊಂಡ ಮೇಲೆ ಆರು ಎಕರೆ ಎರಿ ಹೊಲ ಅಣ್ಣತಮ್ಮಂದಿರ ನಡುವೆ ಮೂರು ಮೂರು ಎಕರೆಯಾಯಿತು. ಅಣ್ಣ ಮೆಕ್ಕೆಜೋಳ, ಹತ್ತಿ ಹಾಕಿಕೊಂಡು ಊರಲ್ಲೇ ಉಳಿದ. ತಮ್ಮ ಐಟಿಐ ಮುಗಿಸಿ ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪೊಂದರಲ್ಲಿ ಲೇತ್ ಹಿಡಿದ, ತನ್ನ ಪಾಲಿನ ಹೊಲವನ್ನು ಅಣ್ಣನಿಗೇ ಲಾವಣಿಗೆ ಕೊಟ್ಟ. ಐದಾರು ವರ್ಷಗಳಲ್ಲಿ ತಮ್ಮನ ದುಡಿಮೆ ಅಣ್ಣನದರ ಮೂರು ಪಟ್ಟಾಯಿತು. ದೀಪಾವಳಿಗೆ ಅವನು ಬೈಕ್ ಮೇಲೆ ಬಂದಿಳಿದಾಗ ಅವರವ್ವ ನನಗೆ ಹೇಳಿದ್ದು: "ಒಂದ ಹೊಟ್ಟ್ಯಾಗ ಹುಟ್ಟಿದವ್ರು ನೋಡ್ರಿ. ಒಬ್ಬಂದು ಪಗಾರ, ಒಬ್ಬಂದು ಮಳಿ."

ಈ ಮನೆಯ ಒಟ್ಟು ಆದಾಯ ಹೆಚ್ಚಿತು, ಜೊತೆಗೆ ಅಸಮಾನತೆಯೂ ಹೆಚ್ಚಿತು. ಒಂದು ದೇಶದ ಮಟ್ಟಿಗೂ ಹೀಗೇ ಆಗುತ್ತದೆಯೆ? ಹಾಗಾದಲ್ಲಿ ಆ ಅಂತರ ಮುಂದೊಂದು ದಿನ ತಾನಾಗಿ ಕಡಿಮೆಯಾಗುತ್ತದೆಯೆ? ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಸೈಮನ್ ಕುಜ್ನೆಟ್ಸ್. 1954ರ ಡಿಸೆಂಬರಿನಲ್ಲಿ ಅಮೆರಿಕನ್ ಅರ್ಥಶಾಸ್ತ್ರ ಸಂಘದ ಅಧ್ಯಕ್ಷರಾಗಿ ಅವರು ಮಾಡಿದ ಭಾಷಣ 1955ರಲ್ಲಿ ಅಚ್ಚಾಯಿತು. ಬೆಳವಣಿಗೆಯ ಆರಂಭದಲ್ಲಿ ಅಸಮಾನತೆ ಏರುತ್ತದೆ, ಕೆಲಕಾಲ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ ಎಂಬುದು ಅವರ ಊಹೆ. ತಲಾ ಆದಾಯವನ್ನು ಅಡ್ಡಕ್ಕೂ ಅಸಮಾನತೆಯನ್ನು ಲಂಬಕ್ಕೂ ಇಟ್ಟು ಬರೆದರೆ ಬೋರಲು ಹಾಕಿದ ಬೋಗುಣಿಯಂಥ ಗೆರೆ ಬರುತ್ತದೆ. ಊಹೆ ಎಂದು ಬೇಕೆಂದೇ ಬರೆದೆ. ತಮ್ಮ ಪ್ರಬಂಧದಲ್ಲಿ ನೂರಕ್ಕೆ ಐದರಷ್ಟು ಮಾಹಿತಿ, ತೊಂಬತ್ತೈದರಷ್ಟು ಊಹೆ ಇದೆಯೆಂದು ಸ್ವತಃ ಕುಜ್ನೆಟ್ಸ್ ಒಪ್ಪಿಕೊಂಡಿದ್ದರು. ಆ ಎಚ್ಚರಿಕೆಯನ್ನು ಮರೆತು ಅದನ್ನು ನಿಯಮವಾಗಿ ಮಾಡಿದವರು ನಂತರ ಬಂದವರು.

ಗೆರೆ ಯಾಕೆ ಏರಿ ಇಳಿಯಬೇಕು? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಊರಲ್ಲಿ 100 ಮನೆಗಳಿವೆ, ಎಲ್ಲರದೂ ಒಕ್ಕಲುತನ, ಮನೆಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಆದಾಯ ಎಂದು ಹಿಡಿಯಿರಿ. ಹುಬ್ಬಳ್ಳಿಯ ಕಾರ್ಖಾನೆಗೆ ಹೋದ ಮನೆಗೆ 3 ಲಕ್ಷ. ಅಸಮಾನತೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವ ಗಿನಿ ಸೂಚ್ಯಂಕ ಇಂಥ ಎರಡೇ ಗುಂಪುಗಳಿದ್ದಾಗ ಬಹಳ ಸುಲಭ: ಮೇಲಿನ ಗುಂಪಿಗೆ ಸಿಗುವ ಆದಾಯದ ಪಾಲಿನಿಂದ ಆ ಗುಂಪಿನ ಜನಸಂಖ್ಯೆಯ ಪಾಲನ್ನು ಕಳೆದರೆ ಸಾಕು. ಯಾರೂ ಹೋಗದಿದ್ದಾಗ ಗಿನಿ ಸೊನ್ನೆ. 10 ಮನೆ ಹೋದಾಗ 0.15. 20 ಹೋದಾಗ 0.23. 37 ಮನೆ ಹೋದಾಗ 0.27ರ ಹತ್ತಿರ ಮುಟ್ಟುತ್ತದೆ, ಅದೇ ಶಿಖರ. 70ಕ್ಕೆ 0.175, 90ಕ್ಕೆ 0.06, ನೂರೂ ಮನೆ ಹೋದ ಮೇಲೆ ಮತ್ತೆ ಸೊನ್ನೆ. ಈ ಲೆಕ್ಕದಲ್ಲಿ ಯಾರೂ ಯಾರನ್ನೂ ಸುಲಿಗೆ ಮಾಡಿಲ್ಲ, ಸರಕಾರ ಏನನ್ನೂ ಕೊಟ್ಟಿಲ್ಲ. ಜನ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿದ್ದರಿಂದಲೇ ಗುಡ್ಡ ಎದ್ದು ಕರಗಿತು. ಕುಜ್ನೆಟ್ಸ್ ಊಹೆಯ ಆಕರ್ಷಣೆಯೆಲ್ಲ ಇದರಲ್ಲಿದೆ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಹುಬ್ಬಳ್ಳಿಗೆ ಹೋದವರಿಗೆಲ್ಲ ಮೂರು ಲಕ್ಷದ ಕೆಲಸವೇ ಸಿಗಬೇಕು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ, ನನ್ನ ವಾದ ನಿಂತಿರುವುದೇ ಅದರ ಮೇಲೆ.

ಊಹೆಯನ್ನು ಪರೀಕ್ಷಿಸುವ ಸಾಮಾನ್ಯ ಸಮೀಕರಣ ಇದು:

```
G = a + b·ln(y) + c·[ln(y)]² + e
```

ಇಲ್ಲಿ `G` ಗಿನಿ, `y` ತಲಾ ಆದಾಯ; `a`, `b`, `c` ಮಾಹಿತಿಯಿಂದ ಅಂದಾಜಿಸುವ ಸಂಖ್ಯೆಗಳು, `e` ದೋಷಪದ. ಗೆರೆ ಏರಿ ಇಳಿಯಬೇಕಾದರೆ `b` ಧನವಾಗಿ, `c` ಋಣವಾಗಿ ಬರಬೇಕು. ತಿರುವಿನ ಆದಾಯ `exp(−b/2c)`. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹೆಚ್ಚಿನವರು ಎರಡು ಚಿಹ್ನೆಗಳನ್ನು ನೋಡಿ ಊಹೆ ಸಾಬೀತಾಯಿತೆಂದು ಬರೆದುಬಿಡುತ್ತಾರೆ. ಅಷ್ಟು ಸಾಲದು. ತಿರುವಿನ ಬಿಂದು ನಮ್ಮ ಮಾಹಿತಿಯ ಒಳಗೇ ಬೀಳಬೇಕು. ಅತಿ ಬಡ ತುದಿಯಲ್ಲಿ ಇಳಿಜಾರು ಸ್ಪಷ್ಟವಾಗಿ ಮೇಲ್ಮುಖವಾಗಿಯೂ ಅತಿ ಶ್ರೀಮಂತ ತುದಿಯಲ್ಲಿ ಸ್ಪಷ್ಟವಾಗಿ ಕೆಳಮುಖವಾಗಿಯೂ ಇರಬೇಕು. ಇಲ್ಲದಿದ್ದರೆ, ಏರುತ್ತ ಏರುತ್ತ ಚಪ್ಪಟೆಯಾಗುವ ಗೆರೆಯೂ ವರ್ಗಪದದ ದೆಸೆಯಿಂದ ಇಳಿದಂತೆ ತೋರುತ್ತದೆ.

1976ರಲ್ಲಿ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ 60 ದೇಶಗಳ ಮಾಹಿತಿಯನ್ನು ಇಂಥದೇ ಸಮೀಕರಣಕ್ಕೆ ಹಾಕಿದಾಗ ಗುಡ್ಡ ಕಂಡಿತು. ಊಹೆಗೆ ನಿಜವಾದ ಬಲ ಬಂದದ್ದು ಆಗ. ತೊಡಕೂ ಅಲ್ಲೇ ಇತ್ತು. ಅದು ಬೇರೆ ಬೇರೆ ದೇಶಗಳನ್ನು ಒಂದೇ ಕಾಲದಲ್ಲಿ ನಿಲ್ಲಿಸಿ ತೆಗೆದ ಚಿತ್ರ. ಇಂದಿನ ಬಡ ದೇಶ ನಾಳೆ ಬ್ರೆಜಿಲ್ ಆಗುತ್ತದೆ, ನಾಡಿದ್ದು ಸ್ವೀಡನ್ ಆಗುತ್ತದೆ ಎಂದು ನಂಬಿದರೆ ಮಾತ್ರ ಆ ಚಿತ್ರ ಒಂದು ದೇಶದ ಕಥೆಯಾದೀತು. ಮಧ್ಯಮ ಆದಾಯದ ಜಾಗದಲ್ಲಿ ಆಗ ಲ್ಯಾಟಿನ್ ಅಮೆರಿಕದ ದೇಶಗಳು ಒತ್ತಾಗಿ ನಿಂತಿದ್ದವು. ಅಲ್ಲಿಯ ಅಸಮಾನತೆಗೆ ವಸಾಹತು ಕಾಲದ ದೊಡ್ಡ ದೊಡ್ಡ ಭೂಹಿಡುವಳಿಗಳು ಕಾರಣ, ಆದಾಯದ ಮಟ್ಟವನ್ನು ಅದಕ್ಕೆ ಕಾರಣವೆನ್ನಲಾಗದು. ಆ ಪ್ರದೇಶಕ್ಕೆ ಸಮೀಕರಣದಲ್ಲಿ ಪ್ರತ್ಯೇಕ ಚರಾಂಕ ಕೊಟ್ಟರೆ ಗುಡ್ಡದ ಎತ್ತರ ಬಹುಮಟ್ಟಿಗೆ ಕುಸಿಯುತ್ತದೆ. 1990ರ ದಶಕದಲ್ಲಿ ಡೈನಿಂಗರ್ ಮತ್ತು ಸ್ಕ್ವೈರ್ ಒಂದೊಂದು ದೇಶವನ್ನೂ ಅದರ ಕಾಲದುದ್ದಕ್ಕೂ ಹಿಂಬಾಲಿಸಿ ನೋಡಿದಾಗ ಬಹುಪಾಲು ದೇಶಗಳಲ್ಲಿ ಇಂಥ ಗೆರೆ ಸಿಗಲೇ ಇಲ್ಲ.

ಇತಿಹಾಸವೂ ಒಂದೇ ದಿಕ್ಕಿಗೆ ಬೆರಳು ಮಾಡುವುದಿಲ್ಲ. ತೈವಾನ್, ದಕ್ಷಿಣ ಕೊರಿಯಾಗಳು ಮೊದಲೇ ಭೂಸುಧಾರಣೆ ಮಾಡಿ, ಶಾಲೆ ಕಟ್ಟಿ, ಆಮೇಲೆ ವೇಗವಾಗಿ ಬೆಳೆದವು. ಅಸಮಾನತೆ ಆ ಶುರುವಿನ ದಶಕಗಳಲ್ಲಿ ಹಿಡಿತದಲ್ಲೇ ಇತ್ತು. ಇತ್ತ ಅಮೆರಿಕದಲ್ಲಿ ಕುಜ್ನೆಟ್ಸ್ ಕಂಡ ಇಳಿಕೆ 1980ರ ನಂತರ ಮತ್ತೆ ಏರಿಕೆಗೆ ತಿರುಗಿತು. ಆ ಇಳಿಕೆಯ ಹಿಂದೆ ಮಹಾಕುಸಿತ, ಎರಡನೆಯ ಮಹಾಯುದ್ಧ, ಭಾರೀ ತೆರಿಗೆಗಳು ಇದ್ದವು. ಅದನ್ನು ಬೆಳವಣಿಗೆಯ ಸಹಜ ಫಲವೆಂದು ಓದಿದ್ದು ಅವಸರದ ಓದು ಎಂದು ನನ್ನ ಅಭಿಪ್ರಾಯ.

ಭಾರತದ ವಿಷಯಕ್ಕೆ ಬಂದರೆ ಮೊದಲು ಕೇಳಬೇಕಾದದ್ದು, ಏನನ್ನು ಅಳೆಯುತ್ತಿದ್ದೇವೆ ಎಂದು. ಸರಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2022-23ರಲ್ಲಿ ಗಿನಿ ಗ್ರಾಮಾಂತರದಲ್ಲಿ 0.266, ನಗರದಲ್ಲಿ 0.314. ಮರುವರ್ಷ ಅವು 0.237 ಮತ್ತು 0.284ಕ್ಕೆ ಇಳಿದವು. ಇವು ಖರ್ಚಿನ ಅಂಕಿಗಳು. ಗಳಿಕೆ ಎಷ್ಟು ಹೆಚ್ಚಿದರೂ ಮನುಷ್ಯ ಉಣ್ಣುವ ರೊಟ್ಟಿ ಅಷ್ಟು ಹೆಚ್ಚುವುದಿಲ್ಲ, ಉಳಿದದ್ದು ಸೈಟು, ಬಂಗಾರ, ಷೇರುಗಳಾಗುತ್ತದೆ. ಹಾಗಾಗಿ ಖರ್ಚಿನ ಗಿನಿ ಸಾಮಾನ್ಯವಾಗಿ ಆದಾಯದ ಗಿನಿಗಿಂತ ಕೆಳಗಿರುತ್ತದೆ. ತೆರಿಗೆ ಮಾಹಿತಿಯನ್ನು ಕೂಡಿಸಿ ಲೆಕ್ಕ ಹಾಕಿದ ಚಾನ್ಸೆಲ್ ಮತ್ತು ಪಿಕೆಟ್ಟಿ ಅವರಿಗೆ ಬೇರೆಯದೇ ಚಿತ್ರ ಸಿಕ್ಕಿತು. ತುದಿಯ ಶೇ. 1 ಜನರ ಆದಾಯದ ಪಾಲು 1930ರ ದಶಕದ ಕೊನೆಗೆ ಶೇ. 21ರ ಹತ್ತಿರವಿತ್ತು, 1980ರ ದಶಕದ ಆರಂಭಕ್ಕೆ ಶೇ. 6ಕ್ಕೆ ಇಳಿಯಿತು, 2014ರ ಹೊತ್ತಿಗೆ ಶೇ. 22ಕ್ಕೆ ಬಂತು. ಅಂದರೆ ಬೋಗುಣಿ ಬೋರಲಾಗಿಲ್ಲ, ನೆಟ್ಟಗೇ ಕೂತಿದೆ. ಒಂದೇ ದೇಶ, ಎರಡು ಅಳತೆಗೋಲು, ಎರಡು ಉತ್ತರ. ಕೆಲವು ದೇಶಗಳ ಆದಾಯದ ಗಿನಿಯನ್ನೂ ಭಾರತದ ಖರ್ಚಿನ ಗಿನಿಯನ್ನೂ ಒಂದೇ ಕಾಲಮ್ಮಿಗೆ ಸುರಿದು ರಿಗ್ರೆಶನ್ ಮಾಡಿದರೆ ಬಡ ದೇಶಗಳು ಸಮಾನವಾಗಿ ಕಂಡು, ಇಲ್ಲದ ಏರಿಕೆಯೊಂದು ಹುಟ್ಟಿಕೊಳ್ಳುತ್ತದೆ.

ಧಾರವಾಡ, ಗದಗ, ಹಾವೇರಿ, ನಮ್ಮ ಈ ಮೂರು ಜಿಲ್ಲೆಗಳಿಗೆ ಈ ಪರೀಕ್ಷೆಯನ್ನು ಇಳಿಸುವುದು ಇನ್ನೂ ಕಷ್ಟ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಅಂಕಿಗಳೆಲ್ಲ ಅಖಂಡ ಧಾರವಾಡದವು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 'ಉತ್ತರ ಒಳನಾಡು' ಪ್ರದೇಶದಲ್ಲಿ ಬೀದರದಿಂದ ಹಾವೇರಿಯವರೆಗೆ ಎಲ್ಲ ಸೇರಿಕೊಂಡಿದೆ. 1999-2000ರ ಸುತ್ತಿನಲ್ಲಿ ಖರ್ಚು ನೆನಪಿಸಿಕೊಳ್ಳುವ ಅವಧಿ ಬದಲಾದದ್ದರಿಂದ ಹಿಂದುಮುಂದಿನ ಸುತ್ತುಗಳೊಡನೆ ಅದನ್ನು ಹೋಲಿಸುವಂತಿಲ್ಲ. 2017-18ರ ಸುತ್ತನ್ನು ಸರಕಾರ ಬಿಡುಗಡೆ ಮಾಡಲೇ ಇಲ್ಲ. ಕೆಲವರು ತಾಲ್ಲೂಕುಗಳ ನಡುವಿನ ಅಂತರವನ್ನು ಅಸಮಾನತೆಯೆಂದು ಹಿಡಿದು ಬರೆಯುತ್ತಾರೆ. 2002ರ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿದ್ದು ನಮ್ಮ ಭಾಗದ ಹೋರಾಟಕ್ಕೆ ದೊಡ್ಡ ಆಧಾರ, ನಿಜ. ಆದರೆ ಅದು ಜಾಗಗಳ ನಡುವಿನ ಅಂತರ. ಹುಬ್ಬಳ್ಳಿ ತಾಲ್ಲೂಕು ಮುಂದಿದೆ ಎಂದರೆ ಅಮರಗೋಳ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನೂ ಮುಂದಿದ್ದಾನೆ ಎಂದಾಗುವುದಿಲ್ಲ.

ಈಗ ಆ ಷರತ್ತಿಗೆ ಬರುತ್ತೇನೆ. ಹಾವೇರಿಯ ಮನೆಯ ತಮ್ಮ ಲೇತ್ ಹಿಡಿದ. ಅವನ ಓಣಿಯಿಂದಲೇ ಹುಬ್ಬಳ್ಳಿಗೆ ಹೋದ ಇನ್ನಿಬ್ಬರಿಗೆ ಐಟಿಐ ಇರಲಿಲ್ಲ. ಒಬ್ಬ ಸೆಂಟ್ರಿಂಗ್ ಕೆಲಸಕ್ಕೆ, ಇನ್ನೊಬ್ಬ ಗೋಡೌನಿನ ದಿನಗೂಲಿಗೆ ಸೇರಿದ. ಬಾಡಿಗೆ, ಬಸ್ಸಿನ ಖರ್ಚು ಕಳೆದರೆ ಇಬ್ಬರಿಗೂ ಊರಿನ ಗಳಿಕೆಗಿಂತ ಸ್ವಲ್ಪವೇ ಹೆಚ್ಚು ಉಳಿಯುತ್ತದೆ. ಮೊದಲಿನ ಲೆಕ್ಕವನ್ನೇ ಇದಕ್ಕೆ ತಕ್ಕಂತೆ ತಿದ್ದಿದೆ. ಹೋದ ಪ್ರತಿ ಹತ್ತು ಮನೆಗಳಲ್ಲಿ ಮೂರಕ್ಕೆ 3 ಲಕ್ಷದ ಕಾಯಂ ಕೆಲಸ, ಏಳಕ್ಕೆ 1 ಲಕ್ಷ 20 ಸಾವಿರದ ದಿನಗೂಲಿ ಎಂದಿಟ್ಟುಕೊಂಡರೆ, 37 ಮನೆ ಹೋದಾಗ ಗಿನಿ 0.176. 70 ಹೋದಾಗ 0.22. ನೂರೂ ಮನೆ ಹೋದ ಮೇಲೂ 0.22ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ. ಗುಡ್ಡ ಹತ್ತಿದ ಮೇಲೆ ಬಯಲು ಸಿಕ್ಕಿತು, ಅಷ್ಟೆ.

ಎರಡು ಲೆಕ್ಕಗಳ ನಡುವೆ ಬದಲಾದದ್ದು ವಲಸೆ ಹೋದವರ ಸಂಖ್ಯೆಯಲ್ಲ, ಅವರಿಗೆ ಸಿಕ್ಕ ಕೆಲಸದ ಬಗೆ. ಬ್ಯಾಡಗಿ ಮಾರುಕಟ್ಟೆಯ ಸುತ್ತ ಮೆಣಸಿನಕಾಯಿ ತುಂಬು ಬಿಡಿಸಲು ಕೂರುವ ಹೆಣ್ಣುಮಕ್ಕಳನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಸೆರಗಿನಿಂದ ಮೂಗು ಮುಚ್ಚಿ ಕೂತಿರುತ್ತಾರೆ, ಬೆರಳ ತುದಿಗಳು ಕೆಂಪಗೆ ಉರಿಯುತ್ತಿರುತ್ತವೆ, ಕೂಲಿ ಬಿಡಿಸಿದ ತೂಕದ ಮೇಲೆ. ಅವರು ಹೊಲದ ಕೆಲಸ ಬಿಟ್ಟು ಬಂದಿದ್ದಾರೆ, ಆ ಮಟ್ಟಿಗೆ ವಲಯ ದಾಟಿದ್ದಾರೆ. ಆದಾಯ ಮಾತ್ರ ದಾಟಿಲ್ಲ.

ಹಾಗಾಗಿ ನಾನು ಮುಟ್ಟುವ ನಿರ್ಣಯ ಇದು: ಕುಜ್ನೆಟ್ಸ್ ಊಹೆಯ ಏರುವ ಅರ್ಧಕ್ಕೆ ಗಟ್ಟಿಯಾದ ಕಾರಣವಿದೆ, ಇಳಿಯುವ ಅರ್ಧಕ್ಕೆ ಅಂಥ ಕಾರಣ ಬೆಳವಣಿಗೆಯ ಒಳಗಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರನಿಗೆ ಹೊಲ ಸಿಕ್ಕಿದ್ದು, ಹಳ್ಳಿಯ ಹುಡುಗನಿಗೆ ಐಟಿಐ ಸಿಕ್ಕಿದ್ದು ತಲಾ ಆದಾಯ ಒಂದು ಗೆರೆ ದಾಟಿತೆಂದಲ್ಲ. ಆದ್ದರಿಂದ ಪರೀಕ್ಷೆಯ ಸಮೀಕರಣದಲ್ಲಿ `y` ಒಂದನ್ನೇ ಇಟ್ಟರೆ ಉತ್ತರ ಹೇಗೆ ಬಂದರೂ ಅರ್ಧ ಉತ್ತರವೇ. ಭೂಹಿಡುವಳಿಯ ಹಂಚಿಕೆ, ಪ್ರೌಢಶಾಲೆ ಮುಗಿಸಿದವರ ಪಾಲು, ಕಾಯಂ ಸಂಬಳದ ಕೆಲಸದಲ್ಲಿರುವವರ ಪಾಲು, ಇವು ಮೂರೂ ಅದರೊಳಗೆ ಬರಬೇಕು. ಅಸಮಾನತೆಯನ್ನು ವಲಯಗಳ ನಡುವಿನದು, ವಲಯದ ಒಳಗಿನದು ಎಂದು ಒಡೆದು ಅಳೆಯಬೇಕು. ವಲಯಗಳ ನಡುವಿನ ಭಾಗ ಇಳಿಯುತ್ತಿರುವಾಗಲೇ ನಗರದೊಳಗಿನ ಭಾಗ ಏರುತ್ತಿದ್ದರೆ ಒಟ್ಟು ಗಿನಿ ಅಲುಗಾಡದೆ ನಿಂತಿರುತ್ತದೆ, ನಾವು ಅದನ್ನು ನೋಡಿ ಏನೂ ಆಗಿಲ್ಲವೆಂದು ಬರೆದುಕೊಳ್ಳುತ್ತೇವೆ. ಗೋಕುಲ ರಸ್ತೆಯ ಲೇತಿನವನಿಗೂ ಅದೇ ರಸ್ತೆಯಲ್ಲಿ ಸೆಂಟ್ರಿಂಗ್ ಕಟ್ಟುವ ಅವನ ಊರವನಿಗೂ ನಡುವಿನ ಅಂತರ ಆ ಒಂದು ಸಂಖ್ಯೆಯಲ್ಲಿ ಕಾಣುವುದಿಲ್ಲ.