ಬೇಲಿ ವೀಕಾಗಿತ್ತಾ, ಇಲ್ಲಾ ಬೇಲಿಗೇ ಹಲ್ಲು ಬಂದಿತ್ತಾ?

ನಮ್ಮ ಸೋದರಮಾವ 2008ರ ಸುಮಾರಿಗೆ ಸಂಡೂರು ಕಡೆಯಿಂದ ಬೇಲೇಕೇರಿ ಬಂದರಿಗೆ ಅದಿರು ಲಾರಿ ಓಡಿಸ್ತಿದ್ರು. ಮೊನ್ನೆ ವಿಜಯನಗರದ ನಮ್ಮ ರೂಮಿಗೆ ಬಂದಿದ್ದಾಗ ಈ ಎಸ್ಸೆ ಬಗ್ಗೆ ಹೇಳ್ದೆ. 'ಗಣಿ ಇರೋ ಕಡೆ ವ್ಯವಸ್ಥೆ ವೀಕಾಗಿರುತ್ತೆ, ಅದಕ್ಕೇ ಜನ ಉದ್ಧಾರ ಆಗಲ್ಲ ಅನ್ನೋ ವಾದ ಸರಿನಾ ಅಂತ ಬರೀಬೇಕು ಮಾವ' ಅಂದ್ರೆ ಅವರು ನಕ್ಕು, 'ವೀಕಾ? ಸರ್ಕಾರಿ ಬಸ್ಸು ಲೇಟಾಗ್ತಿತ್ತು ಕಣೋ, ನಮ್ಮ ಲೋಡು ಒಂದಿನ ಲೇಟಾಗಿಲ್ಲ' ಅಂದ್ರು. ಪರ್ಮಿಟ್ ಇತ್ತಾ ಅಂತ ಕೇಳಿದ್ದಕ್ಕೆ ಮಾತ್ರ ಉತ್ತರ ಬರ್ಲಿಲ್ಲ, ಟೀ ತಣ್ಣಗಾಯ್ತು ಅಂದ್ರು.

ನನ್ನ ವಾದ ಹುಟ್ಟಿದ್ದೇ ಆ ಮಾತಿಂದ. ದುರ್ಬಲ ವ್ಯವಸ್ಥೆ ಅನ್ನೋ ಉತ್ತರ ಪೂರ್ತಿ ತಪ್ಪೇನಲ್ಲ, ಆದ್ರೆ 'ದುರ್ಬಲ' ಅನ್ನೋ ಪದವೇ ದಾರಿ ತಪ್ಪಿಸುತ್ತೆ. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಅಲ್ಲಿ ಬೇಲಿ ವೀಕಾಗಿದೆ ಅಂತ ಯಾರೂ ಹೇಳಲ್ಲ, ಅದಕ್ಕೆ ಬಲ ಇದೆ, ಹಸಿವೂ ಇದೆ. ಹಾಗಾಗಿ ಕೇಳ್ಬೇಕಾಗಿರೋದು ವ್ಯವಸ್ಥೆ ಎಷ್ಟು ಗಟ್ಟಿ ಅಂತಲ್ಲ, ಅದು ಯಾರಿಗೆ ಉತ್ತರ ಕೊಡ್ಬೇಕಾಗಿದೆ ಅಂತ.

ಮೊದಲು ಆ ಕಡೆಯವರ ವಾದ ನೋಡೋಣ, ಯಾಕಂದ್ರೆ ಅದು ಸಾಕಷ್ಟು ಸ್ಟ್ರಾಂಗಾಗೇ ಇದೆ. 1993ರಲ್ಲಿ ರಿಚರ್ಡ್ ಔಟಿ ಇದಕ್ಕೆ 'ರಿಸೋರ್ಸ್ ಕರ್ಸ್', ಅಂದ್ರೆ ಸಂಪನ್ಮೂಲದ ಶಾಪ ಅನ್ನೋ ಹೆಸರು ಕೊಟ್ರು, 1995ರಲ್ಲಿ ಸ್ಯಾಕ್ಸ್ ಮತ್ತು ವಾರ್ನರ್ ಲೆಕ್ಕ ಹಾಕಿ, 1970ರ ಸುಮಾರಿಗೆ ಯಾವ ದೇಶದ ಜಿಡಿಪಿಯಲ್ಲಿ ಖನಿಜ, ಕೃಷಿ ಥರದ ಕಚ್ಚಾ ಸರಕಿನ ರಫ್ತಿನ ಪಾಲು ಜಾಸ್ತಿ ಇತ್ತೋ ಆ ದೇಶ ಮುಂದಿನ ಎರಡು ದಶಕ ನಿಧಾನ ಬೆಳೀತು ಅಂತ ತೋರ್ಸಿದ್ರು. ವ್ಯವಸ್ಥೆಯ ಗುಣಮಟ್ಟ ಇದರಲ್ಲಿ ದೊಡ್ಡ ಪಾತ್ರ ವಹಿಸಲ್ಲ ಅಂತಾನೇ ಅವರಿಗೆ ಅನ್ಸಿತ್ತು. 2006ರಲ್ಲಿ ನಾರ್ವೆಯ ಮೆಹ್ಲುಮ್, ಮೊಯೆನೆ, ಟೊರ್ವಿಕ್ ಅದೇ ಥರದ ಡೇಟಾ ತಗೊಂಡು, ಸಂಪನ್ಮೂಲ ಮತ್ತು ವ್ಯವಸ್ಥೆ ಎರಡನ್ನೂ ಗುಣಿಸಿ ಒಂದು ಟರ್ಮ್ ಸೇರಿಸಿದ್ರು ಅಷ್ಟೇ, ಕಥೆ ಉಲ್ಟಾ ಆಯ್ತು. ದುಡಿಯೋರಿಗೆ ಲಾಭ ಸಿಗೋ ವ್ಯವಸ್ಥೆ ಇದ್ರೆ ಶಾಪ ಇಲ್ಲ, ದೋಚೋರಿಗೆ ಲಾಭ ಸಿಗೋ ವ್ಯವಸ್ಥೆ ಇದ್ರೆ ಶಾಪ. ನಾರ್ವೆ ಉದಾಹರಣೆ ಇದಕ್ಕೆ ಸರಿಯಾಗಿ ಕೂರುತ್ತೆ: 1969ರಲ್ಲಿ ಎಕೋಫಿಸ್ಕ್‌ನಲ್ಲಿ ಎಣ್ಣೆ ಸಿಗೋ ಹೊತ್ತಿಗೆ ಅಲ್ಲಿ ಪ್ರಜಾಪ್ರಭುತ್ವ, ಯೂನಿಯನ್ನು, ಒಳ್ಳೆ ಅಧಿಕಾರಿ ವರ್ಗ ಎಲ್ಲಾ ಆಗ್ಲೇ ಇತ್ತು, ಎಣ್ಣೆ ದುಡ್ಡು ಕೂಡಿಡೋ ನಿಧಿಗೆ 1990ರಲ್ಲಿ ಕಾನೂನು ಮಾಡಿದ್ರು, 1996ರಲ್ಲಿ ಮೊದಲ ದುಡ್ಡು ಹಾಕಿದ್ರು. ನೈಜೀರಿಯಾಕ್ಕೆ 1956ರಲ್ಲಿ ಒಲೊಯಿಬಿರಿಯಲ್ಲಿ ಎಣ್ಣೆ ಸಿಕ್ಕಾಗ ಸ್ವಾತಂತ್ರ್ಯವೇ ಬಂದಿರ್ಲಿಲ್ಲ, ಬಂದು ಏಳು ವರ್ಷಕ್ಕೆ ಬಿಯಾಫ್ರಾ ಅಂತರ್ಯುದ್ಧ.

ಇಷ್ಟಕ್ಕೇ ನಿಲ್ಲಿಸಿದ್ರೆ ಎಸ್ಸೆ ಮುಗೀತು, ಮಾರ್ಕ್ಸೂ ಬರುತ್ತೆ. ಆದ್ರೆ ಆ 2006ರ ಲೆಕ್ಕದಲ್ಲಿ ನನಗೆ ಒಂದು ಕಡೆ ಕಾಲು ಸಿಕ್ಕಾಕ್ಕೊಳ್ಳುತ್ತೆ. ಅವರು ಅಳೆಯೋ ಬೆಳವಣಿಗೆ 1965ರಿಂದ 1990ರದ್ದು, ವ್ಯವಸ್ಥೆ ಚೆನ್ನಾಗಿದ್ಯಾ ಅಂತ ಹೇಳೋ ರೇಟಿಂಗ್ ಮಾತ್ರ 1980ರ ದಶಕದ್ದು, ಅದೂ ಹೂಡಿಕೆದಾರರಿಗೆ ರಿಸ್ಕ್ ಎಷ್ಟು ಅಂತ ಹೇಳೋ ಕಂಪನಿ ಕೊಟ್ಟಿದ್ದು. ಅಂದ್ರೆ ಎಣ್ಣೆ ದುಡ್ಡು ಹದಿನೈದು ವರ್ಷ ವ್ಯವಸ್ಥೆನ ತಿಂದ ಮೇಲೆ ಹೋಗಿ, ಓ ವ್ಯವಸ್ಥೆ ಸರಿಯಿಲ್ಲ ಅದಕ್ಕೇ ದೇಶ ಹಾಳಾಯ್ತು ಅಂದಂಗಾಯ್ತು. ಜ್ವರ ಬಂದು ಹದಿನೈದು ದಿನ ಆದ್ಮೇಲೆ ತೂಕ ನೋಡಿ, ಸಣ್ಣ ಇದ್ದಿದ್ದಕ್ಕೇ ಜ್ವರ ಬಂತು ಅನ್ನೋಕಾಗುತ್ತಾ? 2008ರಲ್ಲಿ ಬ್ರುನ್‌ಶ್ವೈಲರ್ ಮತ್ತು ಬುಲ್ಟೆ ಎತ್ತಿದ ತಕರಾರೂ ಹೆಚ್ಚುಕಡಿಮೆ ಇದೇ ಜಾತಿದು. ರಫ್ತನ್ನ ಜಿಡಿಪಿಯಿಂದ ಭಾಗಿಸ್ತೀರಲ್ಲ, ಬೇರೆ ಫ್ಯಾಕ್ಟರಿ ಏನೂ ಇಲ್ದಿರೋ ಬಡ ದೇಶ ತಾನಾಗೇ ಖನಿಜದ ಮೇಲೆ ನಿಂತಿರೋ ದೇಶ ಥರ ಕಾಣುತ್ತೆ, ಅವಲಂಬನೆ ಬೇರೆ, ಸಂಪತ್ತು ಬೇರೆ ಅಂತ.

ಈಗ ಬಳ್ಳಾರಿಗೆ ಬರ್ತೀನಿ. ಚೀನಾಕ್ಕೆ ಅದಿರು ಬೇಕು ಅಂತ ರೇಟು ಏರಿದ ಟೈಮಲ್ಲಿ ಇಲ್ಲಿ ಗಣಿ ಇಲಾಖೆ ಇತ್ತು, ಅರಣ್ಯ ಇಲಾಖೆ ಇತ್ತು, ಚೆಕ್‌ಪೋಸ್ಟ್ ಇತ್ತು, ಚುನಾವಣೆ, ಕೋರ್ಟು ಎಲ್ಲಾ ಇತ್ತು, ಕಾಂಗೋ ಥರ ಏನೂ ಇಲ್ದಿರೋ ಜಾಗ ಅಲ್ಲ ಇದು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿಯಲ್ಲಿ ಬರೋ 'ಜೀರೋ ರಿಸ್ಕ್' ಅನ್ನೋ ಏರ್ಪಾಟು ಇದೆಯಲ್ಲ, ಪರ್ಮಿಟ್ ಇಲ್ಲದ ಅದಿರನ್ನ ದಾರೀಲಿ ಯಾರೂ ಮುಟ್ಟದ ಹಾಗೆ ದಾಟಿಸೋದು, ಅದಕ್ಕೆ ಎಷ್ಟು ಶಿಸ್ತು ಬೇಕು ಯೋಚಿಸಿ. ಯಾವ ಲಾರಿ ಬಿಡ್ಬೇಕು, ಯಾವುದನ್ನ ಹಿಡೀಬೇಕು, ಪಾಲು ಎಷ್ಟು, ಇಷ್ಟೂ ಇಲಾಖೆಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕ್ಬೇಕು. ನಮ್ಮ ಏರಿಯಾದಲ್ಲಿ ಒಂದು ಚರಂಡಿ ಮಾಡಕ್ಕೆ ಮೂರು ಇಲಾಖೆ ಮಾತಾಡ್ಕೊಳ್ಳಲ್ಲ! ಇದನ್ನ ವೀಕು ಅಂತ ಕರೆಯೋಕೆ ನನ್ನ ಕೈಲಾಗಲ್ಲ. ಬೇಲೇಕೇರಿಯಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡಿದ್ದ ಅದಿರೇ 2010ರಲ್ಲಿ ಮಾಯ ಆಯ್ತು, ಅಂದ್ರೆ ಸರ್ಕಾರ ಹಿಡಿದಿದ್ದನ್ನೇ ಹಡಗು ಹತ್ತಿಸೋ ಅಷ್ಟು ದಕ್ಷತೆ.

ಇನ್ನೊಂದು ಮುಖವೂ ಇದೆ, ಅದನ್ನ ಬಿಟ್ರೆ ಮೋಸ ಆಗುತ್ತೆ. ಅದೇ ರಾಜ್ಯದ ಲೋಕಾಯುಕ್ತರ ವರದಿಯಿಂದ 2011ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯ್ತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸ್ತು. ನೋಡಿ, ವ್ಯವಸ್ಥೆನೇ ಉಳಿಸ್ತು ಅಂತ ಆ ಕಡೆಯವರು ಹೇಳ್ಬಹುದು. ಒಪ್ತೀನಿ. ಆದ್ರೆ ಹೊಲ ಮೇಯ್ದ ಇಲಾಖೆಗಳೂ ಹಿಡಿದ ಲೋಕಾಯುಕ್ತವೂ ಒಂದೇ ಸರ್ಕಾರದ ಒಳಗೇ ಇದ್ವು, ಎರಡಕ್ಕೂ ಸೇರಿಸಿ ಒಂದು ಇಂಡೆಕ್ಸ್ ನಂಬರ್ ಕೊಟ್ರೆ ಅದು ಏನು ಹೇಳುತ್ತೆ? ವ್ಯತ್ಯಾಸ ಇದ್ದಿದ್ದು ಬಲದಲ್ಲಲ್ಲ. ಇಲಾಖೆ ಅಧಿಕಾರಿ ವರ್ಗಾವಣೆಗೆ ಹೆದರಬೇಕು, ನಿವೃತ್ತ ಜಡ್ಜ್ ಹೆದರಬೇಕಾಗಿಲ್ಲ, ಅಷ್ಟೇ. ಆಮೇಲೆ ಏನಾಯ್ತು ಅನ್ನೋದೂ ಮುಖ್ಯ: 2016ರಲ್ಲಿ ಬೇರೆ ಪಕ್ಷದ ಸರ್ಕಾರ ಎಸಿಬಿ ಅಂತ ಬೇರೆ ಭ್ರಷ್ಟಾಚಾರ ನಿಗ್ರಹ ದಳ ಮಾಡಿ ಲೋಕಾಯುಕ್ತದ ಹಲ್ಲು ಕಿತ್ತು ಹಾಕ್ತು, 2022ರಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡೋವರೆಗೂ ಹಾಗೇ ಇತ್ತು. ಇದಕ್ಕೆ ಗಣಿ ದುಡ್ಡೇ ಕಾರಣ ಅಂತ ನಾನು ಹೇಳ್ತಿಲ್ಲ. ವ್ಯವಸ್ಥೆ ಅನ್ನೋದು ಬಂಡೆ ಥರ ಮೊದಲೇ ಕೂತಿರೋ ವಸ್ತು ಅಲ್ಲ, ಜನ ಕೂರಿಸ್ತಾರೆ, ಕೀಳ್ತಾರೆ, ಅಷ್ಟು ಹೇಳೋಕೆ ಸಾಕು.

ಆಫ್ರಿಕಾದ ಬೋಟ್ಸ್ವಾನಾ ಹೆಸರು ಹೇಳದೆ ಈ ಟಾಪಿಕ್ ಮೇಲೆ ಯಾರೂ ಬರೆಯಲ್ಲ, ನಾನೂ ಹೇಳ್ತೀನಿ, ಆದ್ರೆ ಬೇರೆ ಕಾರಣಕ್ಕೆ. 1966ರಲ್ಲಿ ಸ್ವಾತಂತ್ರ್ಯ, ಮಾರನೇ ವರ್ಷ ಒರಾಪಾದಲ್ಲಿ ವಜ್ರ. ಅದೇ ವರ್ಷ ಖನಿಜದ ಹಕ್ಕು ಬುಡಕಟ್ಟುಗಳಿಂದ ದೇಶಕ್ಕೆ ಹೋಗೋ ಕಾನೂನು ಬಂತು, ವಜ್ರ ಸಿಕ್ಕಿದ್ದು ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ಸೀಮೆಯಲ್ಲೇ. ವಜ್ರದ ದೊಡ್ಡ ಕುಳ ಡಿ ಬಿಯರ್ಸ್ ಜೊತೆಗಿನ ಕಂಪನಿಯಲ್ಲಿ ಸರ್ಕಾರದ ಪಾಲು ಶೇ. 15ರಿಂದ ಶುರುವಾಗಿ 70ರ ದಶಕದಲ್ಲೇ ಶೇ. 50ಕ್ಕೆ ಹೋಯ್ತು. ಒಳ್ಳೆ ವ್ಯವಸ್ಥೆ, ಸರಿ. ಆದ್ರೆ ಭೂಮಿ ಕಡೆನೂ ನೋಡಿ, ಅಲ್ಲಿನ ವಜ್ರ ಆಳದ ಬಂಡೆಯಲ್ಲಿದೆ, ದೊಡ್ಡ ಮೆಷಿನ್ ಬೇಕು, ಸುತ್ತ ಫೆನ್ಸಿಂಗ್ ಹಾಕಿ ಕಾವಲು ಕೂರಿಸಿದ್ರೆ ಮುಗೀತು. ಸಿಯೆರಾ ಲಿಯೋನ್‌ನ ಕೋನೋ ಕಡೆ ವಜ್ರ ಹೊಳೆ ಮರಳಲ್ಲಿ ಹರಡಿದೆ, ಜರಡಿ ಸಲಿಕೆ ಇದ್ರೆ ಸಾಕು, ಜೇಬಲ್ಲಿ ಹಾಕ್ಕೊಂಡು ಗಡಿ ದಾಟ್ಬಹುದು. 1991ರಿಂದ 2002ರ ಯುದ್ಧದಲ್ಲಿ ಬಂಡುಕೋರರಿಗೆ ಆ ವಜ್ರನೇ ಬ್ಯಾಂಕು. ಬೋಟ್ಸ್ವಾನಾದ ಅಧಿಕಾರಿಗಳನ್ನ ಎತ್ತಿ ಕೋನೋದಲ್ಲಿ ಕೂರಿಸಿದ್ರೂ ಎಷ್ಟು ತಡೀತಿದ್ರೋ. ಅಂದಹಾಗೆ ಬೋಟ್ಸ್ವಾನಾದಲ್ಲೂ ಬಡವ ಶ್ರೀಮಂತರ ಅಂತರ ಜಗತ್ತಿನಲ್ಲೇ ದೊಡ್ಡದರ ಸಾಲಿನಲ್ಲಿದೆ, ಯಶಸ್ಸು ಯಾರಿಗೆ ಅಂತ ಕೇಳೋರು ಕಮ್ಮಿ.

ರೇಟಿನ ವಿಷಯ ಬೇಗ ಹೇಳಿಬಿಡ್ತೀನಿ. ಜಾಂಬಿಯಾದ ರಫ್ತಿನಲ್ಲಿ ಶೇ. 90ಕ್ಕೂ ಹೆಚ್ಚು ತಾಮ್ರ ಇತ್ತು, 70ರ ದಶಕದ ಮಧ್ಯದಲ್ಲಿ ರೇಟು ಬಿತ್ತು, ಮತ್ತೆ ಏರುತ್ತೆ ಅಂತ ಸಾಲ ಮಾಡಿದ್ರು, ಏರಲಿಲ್ಲ. ಅವರ ವ್ಯವಸ್ಥೆ ಸ್ವಲ್ಪ ಚೆನ್ನಾಗಿದ್ದಿದ್ರೆ ಪೆಟ್ಟು ಕಮ್ಮಿ ಆಗ್ತಿತ್ತೇನೋ, ಇಲ್ಲದೆ ಇರ್ತಿರ್ಲಿಲ್ಲ.

ನಮ್ಮ ದೇಶದೊಳಗೇ ಒಂದು ಕೇಸ್ ಇದೆ, ವ್ಯವಸ್ಥೆ ವಾದದೋರು ಅದನ್ನ ಮುಟ್ಟೋದೇ ಇಲ್ಲ. 50ರ ದಶಕದಿಂದ 90ರ ದಶಕದ ಶುರುವರೆಗೂ ಕೇಂದ್ರ ಸರ್ಕಾರ ರೈಲ್ವೆ ಸಾಗಣೆಗೆ ಸಬ್ಸಿಡಿ ಕೊಟ್ಟು ಉಕ್ಕು, ಕಲ್ಲಿದ್ದಲು ದೇಶದ ಎಲ್ಲಾ ಕಡೆ ಒಂದೇ ರೇಟಿಗೆ ಸಿಗೋ ಹಾಗೆ ಮಾಡಿತ್ತು. ಗಣಿ ಪಕ್ಕದಲ್ಲೇ ಫ್ಯಾಕ್ಟರಿ ಹಾಕಿದ್ರೆ ಸಿಗ್ಬೇಕಾದ ಲಾಭ ಹೋಯ್ತು, ಕಾರ್ಖಾನೆಗಳಿಗೆ ಬಂದರಿನ ಪಕ್ಕ ಮುಂಬೈ ಕಡೆನೇ ಇರೋದು ಸಸ್ತಾ ಬಿತ್ತು, ಇವತ್ತಿನ ಜಾರ್ಖಂಡ್ ಸೀಮೆ ಅಗೆದು ಕೊಟ್ಟಿದ್ದೇ ಬಂತು. ಇಲ್ಲಿ ದಕ್ಷವಾದ ಸರ್ಕಾರವೇ, ಕಾನೂನು ಪ್ರಕಾರವೇ, ಒಳ್ಳೆ ಉದ್ದೇಶದಿಂದಲೇ ಖನಿಜದ ನೆಲಕ್ಕೆ ನಷ್ಟ ಮಾಡ್ತು. ದೌರ್ಬಲ್ಯ ಎಲ್ಲಿ? ನಿಯಮ ಬರೆದವರು ದೆಹಲಿಯಲ್ಲಿದ್ರು, ಗುಂಡಿ ಧನಬಾದಿನಲ್ಲಿತ್ತು.

ಇದೇ ಕಥೆ ನಮ್ಮ ಬೆಂಗಳೂರಿನ ಬೆಳಕಿನಲ್ಲೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಮೊದಲು ಹೋಗಿದ್ದು ಕೆಜಿಎಫ್ ಗಣಿಗೆ, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಗಣಿ ನಡೆಸ್ತಿದ್ದ ಜಾನ್ ಟೇಲರ್ ಕಂಪನಿ ವ್ಯವಸ್ಥೆ ನಿಖರ, ಸಮಯಪಾಲನೆ, ಕ್ಲಬ್ಬು, ಆಸ್ಪತ್ರೆ ಎಲ್ಲಾ ಇತ್ತು, ಲಾಭಾಂಶ ಮಾತ್ರ ಲಂಡನ್ ಷೇರುದಾರರಿಗೆ, ಮೈಸೂರಿಗೆ ರಾಯಲ್ಟಿ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಕೈಗೆ ಬಂದು, ಕೊನೆಗೆ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಊರಲ್ಲಿ ಉಳಿದಿದ್ದು ಸೈನೈಡ್ ಗುಡ್ಡ ಮತ್ತು ಬೆಳಿಗ್ಗೆ ಬೆಂಗಳೂರಿಗೆ ಕೂಲಿಗೆ ಬರೋ ರೈಲು. ಬ್ರಿಟಿಷ್ ಕಾಲದ ಕೆಜಿಎಫ್‌ಗೆ ಆ ರೇಟಿಂಗ್ ಕಂಪನಿ ಮಾರ್ಕ್ಸ್ ಹಾಕಿದ್ದಿದ್ರೆ ಹೂಡಿಕೆದಾರರ ದೃಷ್ಟಿಯಿಂದ ಒಳ್ಳೆ ನಂಬರೇ ಬರ್ತಿತ್ತು.

'ಹಾಗಾದ್ರೆ ನಿನ್ನ ವಾದನೂ ವ್ಯವಸ್ಥೆ ವಾದನೇ ಅಲ್ವಾ, ಹೆಸರು ಮಾತ್ರ ಬೇರೆ' ಅಂತ ನಮ್ಮ ಕ್ಲಾಸಲ್ಲೇ ಒಬ್ಬಳು ಕೇಳಿದ್ಲು, ಸರಿಯಾದ ಪ್ರಶ್ನೆ. ವ್ಯತ್ಯಾಸ ಪರಿಹಾರದಲ್ಲಿ ಕಾಣುತ್ತೆ. ವ್ಯವಸ್ಥೆ ವೀಕು ಅಂದ್ರೆ ಇಲಾಖೆಗೆ ಇನ್ನಷ್ಟು ಜಿಪಿಎಸ್, ಕಂಪ್ಯೂಟರ್, ಅಧಿಕಾರ ಕೊಡಿ ಅಂತ ಬರುತ್ತೆ, ಬೇಲಿಗೆ ಹಲ್ಲಿದ್ರೆ ಆ ಅಧಿಕಾರ ಇನ್ನೂ ಚೆನ್ನಾಗಿ ಮೇಯೋಕೆ ಆಗುತ್ತೆ. ಯಾರಿಗೆ ಉತ್ತರ ಕೊಡ್ಬೇಕು ಅಂತ ಕೇಳಿದ್ರೆ ದುಡ್ಡಿನ ದಾರಿ ನೋಡ್ಬೇಕಾಗುತ್ತೆ. ಗಣಿ ಕಾನೂನಿನ 2015ರ ತಿದ್ದುಪಡಿಯಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಒಳ್ಳೆ ಪರೀಕ್ಷೆ: ಹಳೇ ಲೀಸುಗಳಿಂದ ರಾಯಲ್ಟಿಯ ಶೇ. 30, ಹರಾಜಾದವಕ್ಕೆ ಶೇ. 10, ಗಣಿ ಬಾಧಿತ ಜನಕ್ಕೇ ಅಂತ ಮೀಸಲು. ಬಳ್ಳಾರಿಗೂ ಒಡಿಶಾದ ಕಿಯೋಂಝರ್‌ಗೂ ಧನಬಾದಿಗೂ ಕಾನೂನು ಒಂದೇ. ಈ ದುಡ್ಡು ಎಲ್ಲಿ ಖರ್ಚಾಗ್ಬೇಕು ಅಂತ ಗ್ರಾಮಸಭೆ ನಿಜವಾಗ್ಲೂ ಹೇಳೋ ಊರಲ್ಲೂ, ಕಾಗದದ ಮೇಲೆ ಮಾತ್ರ ಗ್ರಾಮಸಭೆ ನಡೆಯೋ ಊರಲ್ಲೂ ಹತ್ತು ವರ್ಷದ ನಂತರ ಶಾಲೆ, ನೀರು, ಧೂಳಿನ ಕಾಯಿಲೆ ಒಂದೇ ಥರ ಕಂಡ್ರೆ ನನ್ನ ವಾದ ಬಿತ್ತು, ಒಪ್ಕೋತೀನಿ. ಬೇರೆ ಬೇರೆ ಕಂಡ್ರೆ, ಇಲಾಖೆ ಎರಡೂ ಕಡೆ ಒಂದೇ ಇದ್ದಾಗ, ಆ ವ್ಯತ್ಯಾಸನ 'ದುರ್ಬಲ ವ್ಯವಸ್ಥೆ' ಅನ್ನೋ ಪದದಲ್ಲಿ ಹೇಗೆ ತುಂಬಿಸ್ತಾರೆ ಅನ್ನೋದನ್ನ ಆ ಕಡೆಯವರು ಹೇಳ್ಬೇಕು.