ತೊಂಬತ್ತನೇ ದಿನ, ಖಾಲಿ ಡಬ್ಬಿ

ಸೆಪ್ಟೆಂಬರ್ 12, ಶನಿವಾರ. ಕರ್ವೆನಗರ, ಪುಣೆ.

ಇವತ್ತು ಬೆಳಿಗ್ಗೆ ಕ್ರಿಯಾಟಿನ್ ಡಬ್ಬಿಯ ತಳ ಕೆರೆದೆ. ಜಿಮ್‌ಗೆ ಹೋಗುವವರು ಸ್ನಾಯುವಿನ ಬಲಕ್ಕೆ ತಗೊಳ್ಳುವ ಪುಡಿ ಅದು. 250 ಗ್ರಾಂ ಡಬ್ಬಿ, ದಿನಕ್ಕೆ 3 ಗ್ರಾಂ. ಕೊನೆಯ ಚಮಚ ಪೂರ್ತಿ ತುಂಬಲಿಲ್ಲ. ಶುರು ಮಾಡಿದ್ದು ಜೂನ್ 15ಕ್ಕೆ. ನಡುವೆ ಹುಬ್ಬಳ್ಳಿಯ ಮದುವೆಗೆ ಹೋದಾಗ ಡಬ್ಬಿ ಇಲ್ಲೇ ಮರೆತು ಆರು ದಿನ ತಪ್ಪಿತು. ಸ್ನಾಯುವಿನಲ್ಲಿ ತುಂಬಿಕೊಂಡಿದ್ದು ವಾರಗಟ್ಟಲೆ ಇಳಿಯುತ್ತಾ ಹೋಗುತ್ತದೆ, ಕೆಲವು ದಿನ ತಪ್ಪಿದರೆ ಏನೂ ಆಗುವುದಿಲ್ಲ ಅಂತ ಟ್ರೇನರ್ ಹೇಳಿದ ಮೇಲೆ ಸಮಾಧಾನವಾಯಿತು.

ಮೊದಲ ಮೂರು ವಾರ ನೆನಪಾದರೆ ಈಗಲೂ ಕಸಿವಿಸಿ. ತೂಕ 61.2ರಿಂದ 62.5ಕ್ಕೆ ಏರಿತು. ಜಿಮ್‌ಗೆ ಸೇರಿದ್ದೇ ಸೊಂಟನೋವಿಗೆ, ತೂಕ ಇಳಿಸಲು ಅಲ್ಲ. ಆದರೂ ಆ ಅಂಕಿ ನೋಡಿ ಬಿಟ್ಟುಬಿಡೋಣ ಅನ್ನಿಸಿತ್ತು. ಅದು ಕೊಬ್ಬಲ್ಲ, ಕ್ರಿಯಾಟಿನ್ ಸ್ನಾಯುವಿನೊಳಗೆ ನೀರನ್ನೂ ಎಳೆದುಕೊಳ್ಳುತ್ತದೆ. ಗೊತ್ತಿದ್ದೂ ಬೇಜಾರಾಗಿತ್ತು. ಮೊದಲ ವಾರ ದಿನಕ್ಕೆ 20 ಗ್ರಾಂ ತಗೊಂಡು ಬೇಗ ತುಂಬಿಸಿಕೊಳ್ಳುವ ದಾರಿಯೂ ಇದೆ. ಹೊಟ್ಟೆ ಕೆಡಬಹುದು ಅಂತ ನಾನು ಆ ಕಡೆ ಹೋಗಲಿಲ್ಲ. ಅವಸರ ಇರಲಿಲ್ಲ.

ಗೆಲುವುಗಳನ್ನು ಬರೆದಿಡಬೇಕು, ಇಲ್ಲದಿದ್ದರೆ ಮರೆತುಹೋಗುತ್ತವೆ. ಸ್ಕ್ವಾಟ್ ಆರು ವಾರ 30 ಕಿಲೋದಲ್ಲೇ ನಿಂತಿತ್ತು, ಆರನೇ ಸಲಕ್ಕೆ ಕಾಲು ನಡುಗುತ್ತಿತ್ತು. ಮೊನ್ನೆ ಗುರುವಾರ 40 ಕಿಲೋ, ಎಂಟು ಸಲ. ಎಂಟನೆಯದು ಎದ್ದಾಗ ಟ್ರೇನರ್ ಮರಾಠಿಯಲ್ಲಿ 'ಬಸ್ ತಾಈ, ಝಾಲಂ' ಅಂದರು, ಸಾಕು ಅಕ್ಕಾ, ಆಯ್ತು ಅಂತ. ನನಗೆ ಅಲ್ಲೇ ಕಣ್ಣು ತುಂಬಿತು. ಇನ್ನೊಂದು, ಗಿರಣಿಯಿಂದ ಹತ್ತು ಕಿಲೋ ಜೋಳದ ಹಿಟ್ಟನ್ನು ಮೂರನೇ ಮಹಡಿಗೆ ನಡುವೆ ಎಲ್ಲೂ ಇಳಿಸದೆ ತಂದೆ. ಮೊದಲು ಎರಡನೇ ಮಹಡಿಯ ಕಟ್ಟೆ ಮೇಲೆ ಇಟ್ಟು ಉಸಿರು ತಗೊಳ್ಳುತ್ತಿದ್ದೆ. ಸೊಂಟ ಆ ದಿನ ನೆನಪೇ ಆಗಲಿಲ್ಲ.

ಆದರೆ ಇದೆಲ್ಲ ಪುಡಿಯದ್ದೇ? ಇದೇ ನನ್ನ ದೊಡ್ಡ ಅನುಮಾನ. ಜೂನ್‌ನಲ್ಲೇ ಟ್ರೇನರ್ ವ್ಯಾಯಾಮದ ಪಟ್ಟಿ ಬದಲಿಸಿದರು. ಅದೇ ತಿಂಗಳು ರಾತ್ರಿ ಹತ್ತೂವರೆಗೆ ಮಲಗಲು ಶುರು ಮಾಡಿದೆ, ಬೆಳಿಗ್ಗೆ ಮೊಳಕೆ ಕಾಳು, ಸಂಜೆ ಪನೀರ್ ಸೇರಿಸಿದೆ. ನಾಲ್ಕನ್ನೂ ಒಟ್ಟಿಗೆ ಮಾಡಿ ಒಂದಕ್ಕೆ ಮಾತ್ರ ಶಹಬ್ಬಾಸ್ ಅನ್ನುವುದು ಸರಿಯಲ್ಲ, ಅಲ್ವಾ? ಭಾರ ಎತ್ತುವ ಆ ಕೆಲವು ಸೆಕೆಂಡುಗಳಲ್ಲಿ ಸ್ನಾಯು ಖರ್ಚು ಮಾಡಿದ ಶಕ್ತಿಯನ್ನು ಕ್ರಿಯಾಟಿನ್ ಬೇಗ ತುಂಬಿಕೊಡುತ್ತದೆ. ಅದು ಸಿಗುವುದು ಮಾಂಸ, ಮೀನಿನಿಂದ. ಉಳಿದದ್ದು ದೇಹವೇ ಮಾಡಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ರೊಟ್ಟಿ-ಪಲ್ಯ ತಿಂದ ನಮ್ಮಂಥವರ ಸ್ನಾಯುವಿನಲ್ಲಿ ಅದು ಕಡಿಮೆ ಇರುತ್ತದೆ, ಹಾಗಾಗಿ ಫಲ ಜಾಸ್ತಿ ಕಾಣಬಹುದು. ಇದನ್ನು ನಂಬುತ್ತೇನೆ. ಆದರೆ ಸ್ಕ್ವಾಟ್‌ನಲ್ಲಿ ಏರಿದ ನನ್ನ ಹತ್ತು ಕಿಲೋದಲ್ಲಿ ಅದರ ಪಾಲು ಎಷ್ಟು ಅಂತ ಹೇಳಲಾರೆ.

ಆಗಸ್ಟ್‌ನ ಹೆದರಿಕೆಯನ್ನೂ ಬರೆಯಲೇಬೇಕು. ಆಫೀಸಿನ ಆರೋಗ್ಯ ತಪಾಸಣೆಯಲ್ಲಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.1 ಬಂತು, ಪಕ್ಕದಲ್ಲಿ ಕೆಂಪು ಗುರುತು. ಆ ರಾತ್ರಿ ನಿದ್ದೆ ಬರಲಿಲ್ಲ. ಧಾರವಾಡದಿಂದ ಅವ್ವ ಫೋನಿನಲ್ಲಿ, 'ಆ ಪುಡಿ ಬಿಡ ಅಂತ ಎಷ್ಟ ಸಲ ಹೇಳ್ಲೆವಾ, ಕಿಡ್ನಿ ಹಾಳಾಗ್ತಾವ' ಅಂದಳು. ಅವಳ ದನಿ ನಡುಗುತ್ತಿತ್ತು. ಡಾಕ್ಟರ್ ಸಾವಧಾನವಾಗಿ ಬಿಡಿಸಿ ಹೇಳಿದರು. ಕ್ರಿಯಾಟಿನ್ ದೇಹದಲ್ಲಿ ಒಡೆದಾಗ ಬರುವುದೇ ಕ್ರಿಯಾಟಿನಿನ್. ಪುಡಿ ತಗೊಳ್ಳುವವರಲ್ಲಿ ಕಿಡ್ನಿ ಚೆನ್ನಾಗಿದ್ದರೂ ಅದು ಸ್ವಲ್ಪ ಏರಬಹುದು. ಸುಮ್ನೆ ನಂಬಬೇಡಿ ಅಂತ ಕಿಡ್ನಿಗೆಂದೇ ಮಾಡುವ ಇನ್ನೊಂದು ರಕ್ತ ಪರೀಕ್ಷೆ ಸಿಸ್ಟಾಟಿನ್-ಸಿ ಮತ್ತು ಮೂತ್ರದ ಪರೀಕ್ಷೆಯನ್ನೂ ಬರೆದುಕೊಟ್ಟರು. ಎರಡೂ ಸರಿಯಾಗಿದ್ದವು. ತಪ್ಪು ನನ್ನದು, ಶುರು ಮಾಡುವ ಮೊದಲೇ ಒಂದು ಪರೀಕ್ಷೆ ಮಾಡಿಸಿದ್ದರೆ ಹೋಲಿಸಲು ಅಂಕಿ ಇರುತ್ತಿತ್ತು. ಅವ್ವನಿಗೆ ರಿಪೋರ್ಟಿನ ಫೋಟೋ ಕಳಿಸಿದೆ. ಅವಳ ಭಯ ಪೂರ್ತಿ ಹೋಗಿಲ್ಲ.

ಈ ಪುಡಿಯಿಂದ ಕೂದಲು ಉದುರುತ್ತದೆ ಅಂತಾರಲ್ಲ, ಅದು? ಬಾಚಣಿಗೆಯಲ್ಲಿ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ನನಗೆ ಪ್ರತಿ ಮಳೆಗಾಲ ಹೀಗೇ.

ಹೊಸ ಡಬ್ಬಿ ತರಿಸಲು ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಆರು ವಾರ ಪುಡಿ ಇಲ್ಲದೆ ನೋಡುತ್ತೇನೆ. ಪಟ್ಟಿ ಅದೇ, ನಿದ್ದೆ ಅದೇ, ಪನೀರ್ ಅದೇ. ಅಕ್ಟೋಬರ್ 24ಕ್ಕೆ ಮತ್ತೆ 40 ಕಿಲೋ ಎತ್ತಿ ಎಷ್ಟು ಸಲ ಆಯಿತು ಅಂತ ಇಲ್ಲೇ ಬರೆಯುತ್ತೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಹೊರಗೆ ನದಿಯ ಕಡೆಯಿಂದ ಢೋಲ್-ತಾಶಾ ತಾಲೀಮಿನ ಸದ್ದು. ನಾಳಿದ್ದು ಗಣಪತಿ. ಕಡುಬಿಗೆ ಕಡಲೆಬೇಳೆ ತರಬೇಕು. ಖಾಲಿ ಡಬ್ಬಿ ತೊಳೆದು ಒಣಗಲು ಇಟ್ಟಿದ್ದೇನೆ, ಅವ್ವ ಕಳಿಸಿದ ಶೇಂಗಾ ಹಿಂಡಿ ಹಾಕಲು ಸರಿಹೋಗುತ್ತದೆ.